ಒಂದು ಮೂಟೆ ಎಂದರೆ ಎಷ್ಟು ಕಿಲೋ?

ಮೂಡಿಗೆರೆ ಕಡೆಯ ಕಾಫಿ ಬೆಳೆಗಾರರ ಸಂಘವೊಂದಕ್ಕೆ ಇಟಲಿಯ ಟ್ರಿಯೆಸ್ಟೆ ನಗರದಿಂದ ಒಂದು ಇಮೇಲ್ ಬರುತ್ತದೆ ಎಂದಿಟ್ಟುಕೊಳ್ಳಿ. ಅಲ್ಲಿನ ಕಾಫಿ ಹುರಿಯುವ ಕಂಪನಿಗೆ ರೋಬಸ್ಟಾ ಪಾರ್ಚ್‌ಮೆಂಟ್ ಎಬಿ ದರ್ಜೆಯ ಕಾಫಿ ಬೇಕು. ಒಂದು ಕಂಟೇನರ್, 320 ಮೂಟೆ, ಮಾರ್ಚ್ ಶಿಪ್‌ಮೆಂಟ್. ಪತ್ರ ಇಂಗ್ಲಿಷಿನಲ್ಲಿದೆ. ಸಂಘದ ಕಚೇರಿಯಲ್ಲಿ ಇಂಗ್ಲಿಷ್ ಬಲ್ಲ ಒಬ್ಬಾಕೆ ಇದ್ದಾರೆ. ಅವರು ಅದನ್ನು ಕನ್ನಡಕ್ಕೆ ತಿರುಗಿಸಿ ಆಡಳಿತ ಮಂಡಳಿಯ ಮುಂದಿಡುತ್ತಾರೆ, ಮಂಡಳಿ ಹೇಳಿದ್ದನ್ನು ಇಂಗ್ಲಿಷಿಗೆ ತಿರುಗಿಸಿ ಉತ್ತರ ಕಳಿಸುತ್ತಾರೆ. ಸಂಘವನ್ನೂ ಪತ್ರವನ್ನೂ ನಾನು ವಿವರಣೆಗೆಂದು ಕಟ್ಟಿಕೊಂಡಿದ್ದೇನೆ. ಇದರಲ್ಲಿ ಬರುವ ಪದಗಳು ಮತ್ತು ಅಳತೆಗಳು ಮಾತ್ರ ಕಾಫಿ ವ್ಯಾಪಾರದಲ್ಲಿ ನಿಜವಾಗಿ ಇರುವಂಥವೇ.

ಮಂಡಳಿಯ ಸದಸ್ಯರು ‘320 ಮೂಟೆ’ ಎಂದು ಓದಿದ ಕೂಡಲೇ ಗೋಡೌನಿನ ಲೆಕ್ಕ ನೋಡುತ್ತಾರೆ. ಅಲ್ಲಿ 350 ಮೂಟೆ ಪಾರ್ಚ್‌ಮೆಂಟ್ ಇದೆ. ಸಾಕಲ್ಲ, ಒಪ್ಪಿಗೆ ಬರೆಯಿರಿ ಎನ್ನುತ್ತಾರೆ. ತೊಂದರೆ ಶುರುವಾಗುವುದೇ ಇಲ್ಲಿ. ಮಲೆನಾಡಿನ ಬೆಳೆಗಾರರಿಗೆ ಮೂಟೆ ಎಂದರೆ 50 ಕಿಲೋ. ಪೇಟೆಯ ದರವೂ 50 ಕಿಲೋ ಲೆಕ್ಕದಲ್ಲೇ ಹೇಳುವಂಥದ್ದು. ರಫ್ತಿನ ಮೂಟೆಯಾದರೋ ಸಾಮಾನ್ಯವಾಗಿ 60 ಕಿಲೋ. 20 ಅಡಿಯ ಕಂಟೇನರಿಗೆ ಅಂಥ 320 ಮೂಟೆ ತುಂಬಿ 19.2 ಟನ್ ಮಾಡುವುದು ವಾಡಿಕೆ. ಅಂದರೆ ಟ್ರಿಯೆಸ್ಟೆಯವರು ಕೇಳಿದ್ದು 19,200 ಕಿಲೋ, ಮಂಡಳಿಯವರ ತಲೆಯಲ್ಲಿ ಇದ್ದದ್ದು 16,000 ಕಿಲೋ.

ವ್ಯತ್ಯಾಸ ಇಷ್ಟಕ್ಕೇ ಮುಗಿಯುವುದಿಲ್ಲ. ಗೋಡೌನಿನಲ್ಲಿರುವ ಮೂಟೆಯೊಳಗಿನ ಬೀಜಕ್ಕೆ ಇನ್ನೂ ಹೊಟ್ಟು ಅಂಟಿಕೊಂಡಿದೆ. ಕ್ಯೂರಿಂಗ್ ವರ್ಕ್ಸ್‌ನಲ್ಲಿ ಆ ಹೊಟ್ಟು ತೆಗೆದಾಗ 50 ಕಿಲೋ ಪಾರ್ಚ್‌ಮೆಂಟಿನಿಂದ ಸುಮಾರು 40 ಕಿಲೋ ಶುದ್ಧ ಬೀಜ ಸಿಗುತ್ತದೆ. ಇದನ್ನೇ ಬೆಳೆಗಾರರು ಔಟ್‌ಟರ್ನ್ ಎನ್ನುತ್ತಾರೆ, ಬಾಯಿಮಾತಿನಲ್ಲಿ ಓಟಿ. ಈ ಲೆಕ್ಕದಲ್ಲಿ 19.2 ಟನ್ ಶುದ್ಧ ಬೀಜಕ್ಕೆ ಬೇಕಾಗುವುದು 24 ಟನ್ ಪಾರ್ಚ್‌ಮೆಂಟ್, ಅಂದರೆ ಊರಿನ ಮೂಟೆಯಲ್ಲಿ 480. ಜರಡಿಯಲ್ಲಿ ಎಬಿ ದರ್ಜೆಗೆ ನಿಲ್ಲದ ಸಣ್ಣ ಕಾಳು, ಒಡಕು ಕಾಳುಗಳನ್ನು ಕಳೆದರೆ ಅದಕ್ಕಿಂತಲೂ ಹೆಚ್ಚು ಬೇಕು. ಸಂಘದ ಹತ್ತಿರ ಇರುವುದು 350. ಪತ್ರದಲ್ಲಿ ವ್ಯಾಕರಣದ ತಪ್ಪಿಲ್ಲ, ಸಂಖ್ಯೆಯೂ ಸರಿಯಾಗಿಯೇ ಬಂದಿದೆ. ಒಂದೇ ಪದ ಎರಡು ಕಡೆ ಎರಡು ತೂಕಕ್ಕೆ ನಿಂತಿತು, ಅಷ್ಟರಿಂದ ಸಂಘ ತನ್ನಲ್ಲಿಲ್ಲದ ಸರಕನ್ನು ಮಾರಿದಂತಾಯಿತು.

ಇಂಥ ಪತ್ರವ್ಯವಹಾರ ಮಲೆನಾಡಿಗೆ ಹಳೆಯದಲ್ಲ. 1942ರ ಕಾಫಿ ಕಾಯ್ದೆಯ ಹಳೆಯ ವ್ಯವಸ್ಥೆಯಲ್ಲಿ ಬೆಳೆಗಾರ ತನ್ನ ಕಾಫಿಯನ್ನು ಮಂಡಳಿಯ ಪೂಲ್‌ಗೆ ಒಪ್ಪಿಸುತ್ತಿದ್ದ. ಮಾರಾಟದ ಪತ್ರಗಳೆಲ್ಲ ಬೆಂಗಳೂರಿನ ಕಾಫಿ ಬೋರ್ಡ್ ಮತ್ತು ರಫ್ತುದಾರರ ನಡುವೆಯೇ ಓಡಾಡುತ್ತಿದ್ದವು. ತೊಂಬತ್ತರ ದಶಕದಲ್ಲಿ ಆ ಕಟ್ಟು ಹಂತಹಂತವಾಗಿ ಸಡಿಲವಾಗಿ, 1996ರಲ್ಲಿ ಬೆಳೆದ ಅಷ್ಟೂ ಕಾಫಿಯನ್ನು ಬೆಳೆಗಾರನೇ ಮಾರಬಹುದಾಯಿತು. ಹೊರದೇಶದ ಖರೀದಿದಾರನ ಜೊತೆ ನೇರವಾಗಿ ಬರೆಯುವ ಅವಕಾಶ ಸಿಕ್ಕಿದ್ದು ಅಲ್ಲಿಂದೀಚೆಗೆ. ಅದರ ಜೊತೆಗೆ ಆ ಪತ್ರಗಳ ಮಾತಿಗೆ ಹೊಣೆಯೂ ಬಂತು.

ಈ ಹೊಣೆಯನ್ನು ಹೊರಲು ಬೇಕಾದ ಸಾಧನ ಬಹಳ ಚಿಕ್ಕದು. ಮೂವತ್ತು ನಲವತ್ತು ಸಾಲಿನ ಒಂದು ಪದಪಟ್ಟಿ. ಇದು ನಿಘಂಟಿಗಿಂತ ಬೇರೆ. ಒಂದು ಪದಕ್ಕೆ ಎಷ್ಟು ಅರ್ಥಗಳಿವೆಯೋ ಅಷ್ಟನ್ನೂ ಕೊಡುವುದು ನಿಘಂಟಿನ ಕೆಲಸ. ಈ ಖರೀದಿದಾರನ ಜೊತೆಗಿನ ಈ ಪತ್ರಗಳಲ್ಲಿ ನಾವು ಯಾವ ಒಂದು ಅರ್ಥಕ್ಕೆ ಒಪ್ಪಿದ್ದೇವೆ ಎಂದು ಬರೆದಿಡುವುದು ಪದಪಟ್ಟಿಯ ಕೆಲಸ.

ಪಟ್ಟಿಗೆ ಯಾವ ಪದ ಸೇರಬೇಕು? ನನ್ನ ಮಟ್ಟಿಗೆ ಒಂದೇ ಪರೀಕ್ಷೆ ಸಾಕು. ಈ ಪದವನ್ನು ಓದುವವರು ಬೇರೆಯಾಗಿ ಅರ್ಥ ಮಾಡಿಕೊಂಡರೆ ತೂಕ, ಹಣ, ದಿನಾಂಕ, ಹೊಣೆ ಇವುಗಳಲ್ಲಿ ಯಾವುದಾದರೂ ಬದಲಾಗುತ್ತದೆಯೇ? ಬದಲಾಗುವುದಾದರೆ ಸೇರಿಸಿ. ಇಲ್ಲವಾದರೆ ಬಿಡಿ. ‘ವಂದನೆಗಳೊಂದಿಗೆ’ ಎಂದು ಒಮ್ಮೆ, ‘ಇಂತಿ’ ಎಂದು ಇನ್ನೊಮ್ಮೆ ಬರೆದರೆ ಯಾರಿಗೂ ನಷ್ಟವಿಲ್ಲ. ಅಂಥವನ್ನೆಲ್ಲ ತುಂಬಿಸಿ ಪಟ್ಟಿಯನ್ನು 300 ಸಾಲಿಗೆ ಬೆಳೆಸಿದರೆ ಅದನ್ನು ತೆರೆದು ನೋಡುವವರೇ ಇರುವುದಿಲ್ಲ. ಪಟ್ಟಿ ಸಣ್ಣದಾಗಿರಬೇಕು ಎನ್ನುವುದು ಇದಕ್ಕೇ. ಪತ್ರ ಬರೆಯಲು ಕೂತಾಗ ಒಂದು ನೋಟದಲ್ಲಿ ಕಣ್ಣಾಡಿಸಿ ಮುಗಿಸುವಂತಿರಬೇಕು.

ಪದಗಳನ್ನು ಹುಡುಕಲು ಬೇರೆಲ್ಲೂ ಹೋಗಬೇಕಿಲ್ಲ. ಬಂದಿರುವ ಮೊದಲ ಮೂರು ನಾಲ್ಕು ಪತ್ರಗಳನ್ನೂ ಕರಾರಿನ ಕರಡನ್ನೂ ಮುಂದಿಟ್ಟುಕೊಂಡು, ಎರಡನೇ ಸಲ ಕಾಣಿಸಿದ ಪ್ರತಿಯೊಂದು ವ್ಯಾಪಾರದ ಪದಕ್ಕೆ ಗುರುತು ಹಾಕಿದರೆ ಪಟ್ಟಿಯ ಮುಕ್ಕಾಲು ಪಾಲು ಸಿಕ್ಕಿಬಿಡುತ್ತದೆ. ಉಳಿದವು ಮುಂದಿನ ಪತ್ರಗಳಲ್ಲಿ ತಾವಾಗಿಯೇ ಬರುತ್ತವೆ.

ನಮ್ಮ ಉದಾಹರಣೆಗೆ ಮರಳೋಣ. ಟ್ರಿಯೆಸ್ಟೆಯವರ ಎರಡನೇ ಪತ್ರದಲ್ಲಿ ಒಂದು ಪ್ರಶ್ನೆ ಇದೆ. ಚೆರ್ರಿಗಳನ್ನು ಪೂರ್ತಿ ಮಾಗಿದ ಮೇಲೆ ಕೈಯಿಂದಲೇ ಕೊಯ್ಯುತ್ತೀರಾ? ಅನುವಾದಕಿ ಚೆರ್ರಿ ಎಂಬುದನ್ನು ಹಾಗೆಯೇ ಇಟ್ಟರು. ಮಂಡಳಿಯಿಂದ ಬಂದ ಉತ್ತರ: ‘ಈ ಲಾಟಿನಲ್ಲಿ ಚೆರ್ರಿ ಇಲ್ಲ, ಎಲ್ಲ ಪಾರ್ಚ್‌ಮೆಂಟ್.’ ಅದು ಇಂಗ್ಲಿಷಿಗೆ ಹೋದಾಗ ಖರೀದಿದಾರನಿಗೆ ತಲೆಬುಡ ತಿಳಿಯಲಿಲ್ಲ. ಚೆರ್ರಿ ಇಲ್ಲದೆ ಕಾಫಿ ಎಲ್ಲಿಂದ ಬಂತು?

ಇಲ್ಲಿ ಯಾರೂ ತಪ್ಪು ಹೇಳಿಲ್ಲ. ಬೇರೆ ದೇಶಗಳ ಕಾಫಿ ವ್ಯಾಪಾರದಲ್ಲಿ ಚೆರ್ರಿ ಎಂದರೆ ಗಿಡದಲ್ಲಿರುವ ಹಣ್ಣು. ನಮ್ಮ ಬೆಳೆಗಾರರು ಅದನ್ನು ಹಣ್ಣು ಎಂದೇ ಕರೆಯುತ್ತಾರೆ. ಹಣ್ಣನ್ನು ಪಲ್ಪರಿಗೆ ಹಾಕದೆ ಇಡಿಯಾಗಿ ಕಣದಲ್ಲಿ ಒಣಗಿಸಿದರೆ ಅದು ಚೆರ್ರಿ. ಪಲ್ಪ್ ಮಾಡಿ, ತೊಳೆದು, ಹೊಟ್ಟಿನ ಸಮೇತ ಒಣಗಿಸಿದರೆ ಅದು ಪಾರ್ಚ್‌ಮೆಂಟ್. ಭಾರತದ ದರ್ಜೆಗಳ ಹೆಸರೂ ಇದೇ ಜಾಡಿನಲ್ಲಿ ಹುಟ್ಟಿವೆ. ಅರೇಬಿಕಾ ಚೆರ್ರಿ, ರೋಬಸ್ಟಾ ಚೆರ್ರಿ ಎಂದರೆ ಹಾಗೆ ಒಣಗಿಸಿದ್ದರಿಂದ ತೆಗೆದ ಬೀಜ. ರೋಬಸ್ಟಾ ಪಾರ್ಚ್‌ಮೆಂಟ್ ಎಂದರೆ ತೊಳೆದ ರೋಬಸ್ಟಾ, ಪ್ಲಾಂಟೇಶನ್ ಎಂದರೆ ತೊಳೆದ ಅರೇಬಿಕಾ. ರಫ್ತಾಗುವ ರೋಬಸ್ಟಾ ಪಾರ್ಚ್‌ಮೆಂಟ್ ಎಬಿಯಲ್ಲಿ ಹೊಟ್ಟು ಇರುವುದೇ ಇಲ್ಲ. ಆದರೆ ಭಾರತದ ಕಾಫಿಯನ್ನು ಮೊದಲ ಸಲ ಕೊಳ್ಳುವವನಿಗೆ ಪಾರ್ಚ್‌ಮೆಂಟ್ ಎಂಬ ಪದ ಹೊಟ್ಟಿನ ಸಮೇತ ಇರುವ ಬೀಜವನ್ನೇ ಸೂಚಿಸುತ್ತದೆ.

ಹೀಗಾಗಿ ಪಾರ್ಚ್‌ಮೆಂಟ್ ಎಂಬ ಒಂದು ಪದಕ್ಕೆ ಪಟ್ಟಿಯಲ್ಲಿ ಎರಡು ಸಾಲು ಬೇಕು. ಗೋಡೌನಿನ ಸರಕಿಗೆ ‘ಹೊಟ್ಟು ಸಹಿತ ಪಾರ್ಚ್‌ಮೆಂಟ್’, ರಫ್ತಿನ ದರ್ಜೆಗೆ ‘ಆರ್‌ಪಿ ಎಬಿ ದರ್ಜೆ’ ಎಂದು ಬೇರೆಬೇರೆ ಹೆಸರು ಕೊಟ್ಟರೆ ಮಂಡಳಿಯಲ್ಲೂ ಗೊಂದಲವಿಲ್ಲ, ಟ್ರಿಯೆಸ್ಟೆಯಲ್ಲೂ ಇಲ್ಲ. ಚೆರ್ರಿಗೂ ಹಾಗೆಯೇ. ಖರೀದಿದಾರನ ಚೆರ್ರಿ ನಮ್ಮ ಕನ್ನಡ ಪತ್ರದಲ್ಲಿ ‘ಹಣ್ಣು’. ಮಂಡಳಿ ‘ಚೆರ್ರಿ’ ಎಂದರೆ ಇಂಗ್ಲಿಷಿನಲ್ಲಿ ಅದು ‘ಡ್ರೈಡ್ ಚೆರ್ರಿ’. ಎರಡು ದಿಕ್ಕಿಗೂ ಬೇರೆಬೇರೆ ಸಾಲು ಬರೆಯುವುದು ಮುಖ್ಯ. ಇಂಗ್ಲಿಷಿನಿಂದ ಕನ್ನಡಕ್ಕೆ ಸರಿಹೋಗುವ ಜೋಡಿಯನ್ನು ಕಣ್ಣುಮುಚ್ಚಿ ತಿರುಗಿಸಿದರೆ ಕನ್ನಡದಿಂದ ಇಂಗ್ಲಿಷಿಗೆ ಸರಿಹೋಗುತ್ತದೆ ಎಂಬ ಭರವಸೆ ಇಲ್ಲ.

ಒಂದು ಸಾಲಿನಲ್ಲಿ ಐದು ಅಂಕಣ ಇದ್ದರೆ ಸಾಕು. ಮೂಲ ಪದ, ನಾವು ಒಪ್ಪಿದ ಪದ, ಈ ವ್ಯವಹಾರದಲ್ಲಿ ಅದರ ಅರ್ಥ, ಬಳಸಬಾರದ ಪದ, ಯಾರು ಯಾವಾಗ ಒಪ್ಪಿದರು. ಎಕ್ಸೆಲ್ ಹಾಳೆಯಾದರೂ ಆದೀತು, ನೋಟ್‌ಪ್ಯಾಡಿನಲ್ಲಿ ಹೀಗೆ ಬರೆದರೂ ಆದೀತು:

```
ಮೂಲ | ಒಪ್ಪಿದ ಪದ | ಅರ್ಥ | ಬಳಸಬೇಡಿ | ಒಪ್ಪಿದವರು
bag | ರಫ್ತು ಮೂಟೆ | 60 ಕೆ.ಜಿ. ಶುದ್ಧ ಬೀಜ | ಮೂಟೆ, ಚೀಲ | ಖರೀದಿದಾರ, ಜ. 12
ಮೂಟೆ | 50 kg local bag | ಹೊಟ್ಟು ಸಹಿತ | bag | ಮಂಡಳಿ, ಜ. 12
cherry | ಹಣ್ಣು | ಗಿಡದ ಮಾಗಿದ ಹಣ್ಣು | ಚೆರ್ರಿ | ಕ್ಯೂರಿಂಗ್, ಜ. 15
ಚೆರ್ರಿ | dried cherry | ಇಡಿಯಾಗಿ ಒಣಗಿಸಿದ್ದು | cherry | ಕ್ಯೂರಿಂಗ್, ಜ. 15
```

ಇದರಲ್ಲಿ ಜನ ಬಿಟ್ಟುಬಿಡುವುದು ಕೊನೆಯ ಎರಡು ಅಂಕಣಗಳನ್ನು. ನನ್ನ ಅಭಿಪ್ರಾಯದಲ್ಲಿ ಪಟ್ಟಿಯ ಜೀವ ಇರುವುದೇ ಅಲ್ಲಿ. ಯಾವ ಪದವನ್ನು ಬಳಸಬಾರದು ಎಂದು ಬರೆದಿರದಿದ್ದರೆ, ಅವಸರದ ದಿನ ಕೈಗೆ ಮೊದಲು ಬರುವುದು ಅದೇ ಹಳೆಯ ಪದ. ಯಾರು ಒಪ್ಪಿದರು ಎಂದು ಬರೆದಿರದಿದ್ದರೆ, ಎರಡು ತಿಂಗಳ ನಂತರ ಹೊಸಬರೊಬ್ಬರು ಕಚೇರಿಗೆ ಬಂದು ‘ಇದು ಕೇಳಲು ಚೆನ್ನಾಗಿಲ್ಲ’ ಎಂದು ಬದಲಿಸಿಬಿಡುತ್ತಾರೆ.

ಒಪ್ಪುವ ಅಧಿಕಾರ ಅನುವಾದಕರದ್ದಲ್ಲ ಎಂಬುದನ್ನೂ ಇಲ್ಲಿಯೇ ಹೇಳಬೇಕು. ಅವರು ಪದವನ್ನು ಸೂಚಿಸಬಹುದು. ತೂಕ, ದರ್ಜೆಯ ಪದಗಳಿಗೆ ಕ್ಯೂರಿಂಗ್ ವರ್ಕ್ಸ್‌ನ ಮ್ಯಾನೇಜರನ್ನು ಕೇಳಬೇಕು. ಹಡಗು, ಬಂದರು, ದಾಖಲೆಯ ಪದಗಳಿಗೆ ಕಸ್ಟಮ್ಸ್ ಏಜೆಂಟರನ್ನು, ಹಣ ಪಾವತಿಯ ಪದಗಳಿಗೆ ಬ್ಯಾಂಕಿನವರನ್ನು. ಕೇಳುವ ರೀತಿಯೂ ಮುಖ್ಯ. ‘ಸಾರ್, ಪಾರ್ಚ್‌ಮೆಂಟಿಗೆ ಕನ್ನಡದಲ್ಲಿ ಏನಂತಾರೆ?’ ಎಂದು ಕೇಳಿದರೆ ‘ಪಾರ್ಚ್‌ಮೆಂಟೇ ಅಂತೀವಮ್ಮ’ ಎಂಬ ಉತ್ತರ ಬರುತ್ತದೆ. ‘ಸಾರ್, ನಿಮ್ಮ ರಿಜಿಸ್ಟರಿನಲ್ಲಿ 320 ಮೂಟೆ ಅಂತ ಬರೆದರೆ ಅದರಲ್ಲಿ ಹೊಟ್ಟು ಇರುತ್ತಾ? ಒಂದೊಂದೂ ಎಷ್ಟು ಕಿಲೋ?’ ಎಂದು ಕೇಳಿದರೆ ಪಟ್ಟಿಗೆ ಬೇಕಾದ ಅರ್ಥ ಸಿಗುತ್ತದೆ.

ಇನ್ನು ಶಿಪ್‌ಮೆಂಟ್ ಎಂಬ ಪದ. ಬಹಳ ಪತ್ರವ್ಯವಹಾರಗಳು ಎಡವುವುದು ಇಲ್ಲಿ. ಕನ್ನಡದಲ್ಲಿ ಇದಕ್ಕೆ ರವಾನೆ, ಸಾಗಣೆ, ಕಳುಹಿಸುವಿಕೆ ಹೀಗೆ ಮೂರು ನಾಲ್ಕು ಪದಗಳು ಸಲೀಸಾಗಿ ಬರುತ್ತವೆ. ಒಂದೇ ಪತ್ರದಲ್ಲಿ ಎಲ್ಲವನ್ನೂ ಬಳಸುವವರೂ ಇದ್ದಾರೆ. ಒಂದೇ ಪದವನ್ನು ಮತ್ತೆ ಮತ್ತೆ ಬರೆಯಬಾರದು ಎಂದು ನಮಗೆ ಶಾಲೆಯಲ್ಲಿ ಪ್ರಬಂಧ ಬರೆಸುವಾಗ ಕಲಿಸಿರುತ್ತಾರೆ. ಪ್ರಬಂಧಕ್ಕೆ ಅದು ಸರಿ. ವ್ಯಾಪಾರದ ಪತ್ರದಲ್ಲಿ ಪದ ಬದಲಾದರೆ, ಓದುವವರು ಸಂಗತಿಯೇ ಬದಲಾಗಿದೆ ಎಂದು ತಿಳಿಯುತ್ತಾರೆ. ಮೊದಲ ಸಾಲಿನಲ್ಲಿ ರವಾನೆ, ಮೂರನೇ ಸಾಲಿನಲ್ಲಿ ಸಾಗಣೆ ಎಂದಿದ್ದರೆ ಇವೆರಡೂ ಒಂದೇ ಕೆಲಸವೋ ಎರಡು ಕೆಲಸವೋ ಎಂದು ಮಂಡಳಿಯವರು ಕೇಳುವುದು ನ್ಯಾಯವೇ.

ಕಾಫಿ ಕರಾರಿನಲ್ಲಿ ‘ಮಾರ್ಚ್ ಶಿಪ್‌ಮೆಂಟ್’ ಎಂದರೆ ಮಾರ್ಚ್ 1ರಿಂದ 31ರೊಳಗೆ ಸರಕು ಹಡಗು ಏರಿರಬೇಕು. ಅದಕ್ಕೆ ಸಾಕ್ಷಿ ಹಡಗು ಕಂಪನಿ ಕೊಡುವ ಬಿಲ್ ಆಫ್ ಲೇಡಿಂಗ್ ಮೇಲಿನ ದಿನಾಂಕ. ಅನುವಾದಕಿ ಇದನ್ನು ‘ಮಾರ್ಚ್ ತಿಂಗಳಲ್ಲಿ ರವಾನೆ’ ಎಂದು ಬರೆದರು. ಮಂಡಳಿಯವರಿಗೆ ರವಾನೆ ಎಂದರೆ ಕ್ಯೂರಿಂಗ್ ವರ್ಕ್ಸ್‌ನಿಂದ ಲಾರಿ ಹೊರಡುವುದು. ಮಾರ್ಚ್ 29ಕ್ಕೆ ಲಾರಿ ಹೊರಡಿಸಿದರೆ ಸಾಕು ಎಂದುಕೊಂಡರು. ಲಾರಿ ಘಾಟಿ ಇಳಿದು, ನವ ಮಂಗಳೂರು ಬಂದರಿನಲ್ಲಿ ಕಸ್ಟಮ್ಸ್ ಮುಗಿದು, ಕಂಟೇನರ್ ಹಡಗು ಏರುವಷ್ಟರಲ್ಲಿ ಏಪ್ರಿಲ್ ಬಂದಿರುತ್ತದೆ. ಬಿಲ್ ಆಫ್ ಲೇಡಿಂಗ್ ಮೇಲೆ ಏಪ್ರಿಲ್ ದಿನಾಂಕ ಬಿದ್ದರೆ ಕರಾರು ಮೀರಿದಂತೆ. ಆ ಹೊತ್ತಿಗೆ ಮಾರುಕಟ್ಟೆ ಕುಸಿದಿದ್ದರೆ ಖರೀದಿದಾರ ಅದನ್ನೇ ಹಿಡಿದು ದರ ಇಳಿಸಲು ಕೇಳಬಹುದು.

ಪಟ್ಟಿಯಲ್ಲಿ ಇದಕ್ಕೆ ಮೂರು ಸಾಲು ಬೇಕು. ಡಿಸ್ಪ್ಯಾಚ್ ಎಂದರೆ ‘ಲಾರಿ ಹೊರಡುವುದು’. ಶಿಪ್‌ಮೆಂಟ್ ಎಂದರೆ ‘ಹಡಗೇರುವುದು’, ಅದರ ದಿನಾಂಕ ಬಿಲ್ ಆಫ್ ಲೇಡಿಂಗ್ ದಿನಾಂಕ. ಅರೈವಲ್ ಎಂದರೆ ‘ಟ್ರಿಯೆಸ್ಟೆ ಬಂದರು ಮುಟ್ಟುವುದು’. ಮೂರಕ್ಕೂ ‘ಬಳಸಬೇಡಿ’ ಎಂಬ ಅಂಕಣದಲ್ಲಿ ರವಾನೆ, ಸಾಗಣೆ ಎರಡನ್ನೂ ಹಾಕಿಬಿಡಿ. ‘ಹಡಗೇರುವುದು’ ಎಂಬುದು ಕಚೇರಿ ಭಾಷೆಯಂತೆ ಗಂಭೀರವಾಗಿ ಕೇಳುವುದಿಲ್ಲ ಎಂದು ಕೆಲವರಿಗೆ ಅನಿಸಬಹುದು. ಆದರೆ ಅದನ್ನು ಓದಿದವರು ಲಾರಿಯನ್ನು ನೆನೆಯುವ ಸಾಧ್ಯತೆಯೇ ಇಲ್ಲ. ಪದ ಆರಿಸುವಾಗ ನೋಡಬೇಕಾದ ಗುಣ ಅದು.

ಸ್ಯಾಂಪಲ್ ಕೂಡ ಹೀಗೆಯೇ. ವ್ಯವಹಾರ ಕುದುರುವ ಮೊದಲು ರುಚಿ ನೋಡಲು ಕಳಿಸುವ ಆಫರ್ ಸ್ಯಾಂಪಲ್ ಬೇರೆ, ಸರಕು ಸಿದ್ಧವಾದ ಮೇಲೆ ಅದರಿಂದಲೇ ತೆಗೆದು ಕಳಿಸುವ ಪ್ರೀ-ಶಿಪ್‌ಮೆಂಟ್ ಸ್ಯಾಂಪಲ್ ಬೇರೆ. ಕರಾರಿನಲ್ಲಿ ‘ನೋ ಅಪ್ರೂವಲ್ ನೋ ಸೇಲ್’ ಎಂದಿದ್ದರೆ, ಈ ಎರಡನೆಯದು ಒಪ್ಪಿಗೆಯಾಗದಿದ್ದಾಗ ಮಾರಾಟವೇ ಇಲ್ಲ, ಯಾರೂ ಯಾರಿಗೂ ಏನನ್ನೂ ಕೊಡಬೇಕಿಲ್ಲ. ಹೀಗಿರುವಾಗ ಮಂಡಳಿಗೆ ‘ಸ್ಯಾಂಪಲ್ ಒಪ್ಪಿಗೆಯಾಗಿದೆ’ ಎಂದಷ್ಟೇ ಅನುವಾದಿಸಿ ಕೊಟ್ಟರೆ ಅಪಾಯ. ಒಪ್ಪಿಗೆಯಾದದ್ದು ಮೊದಲನೆಯದಾಗಿದ್ದು, ಮಂಡಳಿಯವರು ಎರಡನೆಯದೆಂದು ತಿಳಿದು ಸರಕನ್ನು ಬಂದರಿಗೆ ಕಳಿಸಿದರೆ, ಮಾರಾಟವಾಗದ ಕಾಫಿ ಮಂಗಳೂರಿನಲ್ಲಿ ಬಾಡಿಗೆ ತೆರುತ್ತಾ ಕೂರುತ್ತದೆ. ಪಟ್ಟಿಯಲ್ಲಿ ‘ಸ್ಯಾಂಪಲ್’ ಎಂಬ ಒಂಟಿ ಪದವನ್ನೇ ನಿಷೇಧಿಸಿ, ‘ಆಫರ್ ಸ್ಯಾಂಪಲ್’, ‘ಪ್ರೀ-ಶಿಪ್‌ಮೆಂಟ್ ಸ್ಯಾಂಪಲ್’ ಎಂಬ ಪೂರ್ತಿ ಹೆಸರನ್ನು ಮಾತ್ರ ಬಳಸುವುದು ಕ್ಷೇಮ.

ಅನುವಾದಿಸಲೇಬಾರದ ಪದಗಳೂ ಇವೆ. ಎಫ್‌ಒಬಿ, ಸಿಐಎಫ್ ಮೊದಲಾದ ಸಂಕೇತಗಳನ್ನು ಅಂತರರಾಷ್ಟ್ರೀಯ ವಾಣಿಜ್ಯ ಮಂಡಳಿ 1936ರಲ್ಲಿ ಮೊದಲು ವ್ಯಾಖ್ಯಾನಿಸಿ ಪ್ರಕಟಿಸಿತು. ಈಗ ಚಾಲ್ತಿಯಲ್ಲಿರುವುದು 2020ರ ಆವೃತ್ತಿ. ಎಫ್‌ಒಬಿ ಮಂಗಳೂರು ಎಂದರೆ ಸರಕು ಮಂಗಳೂರಿನಲ್ಲಿ ಹಡಗಿನ ಮೇಲೆ ಇಳಿಯುವವರೆಗೆ ಖರ್ಚೂ ಅಪಾಯವೂ ಮಾರುವವನದು, ಅಲ್ಲಿಂದ ಮುಂದೆ ಕೊಳ್ಳುವವನದು. ಇದನ್ನು ‘ಹಡಗಿನವರೆಗೆ ಉಚಿತ’ ಎಂದು ಕನ್ನಡಿಸಿದರೆ ಯಾರಿಗೆ ಏನು ಉಚಿತ ಎಂದು ಗೊತ್ತಾಗುವುದಿಲ್ಲ. ಸಂಕೇತವನ್ನು ಹಾಗೆಯೇ ಬಿಟ್ಟು, ಪಟ್ಟಿಯ ಅರ್ಥದ ಅಂಕಣದಲ್ಲಿ ಮೇಲಿನ ವಾಕ್ಯವನ್ನು ಬರೆದಿಡಿ. ದರ್ಜೆಯ ಹೆಸರು, ಲಾಟ್ ಸಂಖ್ಯೆ, ಬಂದರಿನ ಹೆಸರುಗಳಿಗೂ ಇದೇ ನಿಯಮ.

ಪಟ್ಟಿ ಮಾಡಿದ ಮೇಲೆ ಅದನ್ನು ಬಳಸುವ ಹೊತ್ತು ಎರಡು. ಅನುವಾದಕ್ಕೆ ಕೂರುವ ಮೊದಲು ಒಮ್ಮೆ ಓದುವುದು, ಪತ್ರ ಕಳಿಸುವ ಮೊದಲು ತಾಳೆ ನೋಡುವುದು. ತಾಳೆ ನೋಡಲು ‘ಬಳಸಬೇಡಿ’ ಅಂಕಣದ ಪದಗಳನ್ನು ಒಂದೊಂದಾಗಿ ಪತ್ರದಲ್ಲಿ ಹುಡುಕಬೇಕು. ಕಂಪ್ಯೂಟರಿನಲ್ಲಿ `Ctrl+F` ಒತ್ತಿ ಹುಡುಕಿದರೆ ಕೆಲವೇ ನಿಮಿಷದ ಕೆಲಸ. ಆದರೆ ಕನ್ನಡದಲ್ಲಿ ಹುಡುಕುವಾಗ ಎರಡು ತೊಡಕುಗಳಿವೆ. ಇಂಗ್ಲಿಷಿನವರು ಬರೆದ ಸಲಹೆಗಳಲ್ಲಿ ಇವು ಇರುವುದಿಲ್ಲ.

ಮೊದಲನೆಯದು ವಿಭಕ್ತಿ. ರವಾನೆ ಎಂದು ಹುಡುಕಿದರೆ ರವಾನೆಯ, ರವಾನೆಗೆ ಸಿಗುತ್ತವೆ. ರವಾನಿಸಿದೆವು ಸಿಗುವುದಿಲ್ಲ. ಅಲ್ಲಿ ಪದದ ಕೊನೆಯ ಸ್ವರ ಬದಲಾಗಿದೆ. ಹಾಗಾಗಿ ಪದದ ಬದಲಾಗದ ಮೊದಲ ಭಾಗವನ್ನು, ಇಲ್ಲಿ ‘ರವಾನ’ ಎಂಬಷ್ಟನ್ನು, ಕೊಟ್ಟು ಹುಡುಕಬೇಕು. ಕೆಲವು ತಂತ್ರಾಂಶಗಳು ‘ನ’ ಮತ್ತು ‘ನೆ’ ಎರಡನ್ನೂ ಇಡೀ ಅಕ್ಷರಗಳಾಗಿ ಎಣಿಸಿ ಬೇರೆಯೆಂದು ನೋಡುತ್ತವೆ. ಅಂಥಲ್ಲಿ ‘ರವಾ’ ಎಂದು ಹುಡುಕಿ. ಪಟ್ಟಿಯಲ್ಲಿ ನಾಮಪದದ ಪಕ್ಕದಲ್ಲೇ ಕ್ರಿಯಾಪದವನ್ನೂ ಬರೆದಿಟ್ಟರೆ ಮರೆಯುವುದಿಲ್ಲ.

ಎರಡನೆಯದು ಕಣ್ಣಿಗೆ ಕಾಣದ್ದು. ಪಾರ್ಚ್‌ಮೆಂಟ್ ಎಂಬ ಪದದಲ್ಲಿ ಚ್ ಮತ್ತು ಮೆ ಒತ್ತಕ್ಷರವಾಗಿ ಕೂಡಿಕೊಳ್ಳದಂತೆ ಅವುಗಳ ನಡುವೆ ಒಂದು ಅದೃಶ್ಯ ಅಕ್ಷರವನ್ನು ಟೈಪ್ ಮಾಡುತ್ತೇವೆ. ಯೂನಿಕೋಡಿನಲ್ಲಿ ಅದರ ಸಂಖ್ಯೆ `U+200C`. ಒಬ್ಬರು ಅದನ್ನು ಹಾಕಿ, ಇನ್ನೊಬ್ಬರು ಹಾಕದೆ ಪಾರ್ಚ್ಮೆಂಟ್ ಎಂದು ಬರೆದರೆ ಹುಡುಕಾಟದಲ್ಲಿ ಅವು ಎರಡು ಬೇರೆ ಪದಗಳಾಗಬಹುದು. ಪಾರ್ಚ್‌ಮೆಂಟು ಎಂದು ಕೊನೆಗೆ ಉಕಾರ ಹಚ್ಚುವವರೂ ಇದ್ದಾರೆ. ಇದಕ್ಕೆ ಪರಿಹಾರ ಸರಳ. ಪದವನ್ನು ಪತ್ರದಲ್ಲಿ ಹೊಸದಾಗಿ ಟೈಪ್ ಮಾಡದೆ ಪಟ್ಟಿಯಿಂದಲೇ ನಕಲು ಮಾಡಿ ಅಂಟಿಸುವುದು. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದ ಕಡತಗಳಿದ್ದರೆ ಮೊದಲು ಅವನ್ನು ಯೂನಿಕೋಡಿಗೆ ಪರಿವರ್ತಿಸಿಕೊಳ್ಳಿ. ಇಲ್ಲವಾದರೆ ಇಮೇಲಿನಲ್ಲಿ ಅಂಟಿಸಿದಾಗ ಅಕ್ಷರಗಳೆಲ್ಲ ಕಲಸಿಹೋಗುತ್ತವೆ. ಪಟ್ಟಿಯನ್ನು ಸಿಎಸ್‌ವಿ ಕಡತವಾಗಿ ಉಳಿಸುವಾಗ `UTF-8` ಆರಿಸಿಕೊಳ್ಳದಿದ್ದರೆ ಕನ್ನಡದ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳು ಬರಬಹುದು.

ಪದವೊಂದನ್ನು ನಡುವೆ ಬದಲಿಸಬೇಕಾಗಿ ಬಂದರೆ? ಆಗುವಂಥದ್ದೇ. ಐದನೇ ಪತ್ರದ ಹೊತ್ತಿಗೆ ಖರೀದಿದಾರ 60 ಕಿಲೋ ಮೂಟೆ ಬೇಡ, ಒಂದು ಟನ್ನಿನ ದೊಡ್ಡ ಚೀಲದಲ್ಲಿ ಕಳಿಸಿ ಎಂದ ಎಂದುಕೊಳ್ಳಿ. ಈಗ ‘ರಫ್ತು ಮೂಟೆ’ ಎಂಬ ಸಾಲನ್ನು ತಿದ್ದಿ ಒಂದು ಟನ್ ಎಂದು ಬರೆಯುವುದು ತಪ್ಪು. ಹಿಂದಿನ ನಾಲ್ಕು ಪತ್ರಗಳಲ್ಲಿ ಆ ಪದ 60 ಕಿಲೋಗೆ ನಿಂತಿದೆ, ನಾಳೆ ಯಾರಾದರೂ ಅವನ್ನು ತೆರೆದರೆ ಅರ್ಥ ಕೆಡುತ್ತದೆ. ಹಳೆಯ ಸಾಲನ್ನು ಹಾಗೆಯೇ ಬಿಟ್ಟು, ‘ಜಂಬೋ ಚೀಲ’ ಎಂಬ ಹೊಸ ಸಾಲು ಸೇರಿಸಿ, ಯಾವ ಪತ್ರದಿಂದ ಬಳಕೆಗೆ ಬಂತು ಎಂದು ದಿನಾಂಕ ಹಾಕಬೇಕು. ಮುಂದಿನ ಪತ್ರದ ಮೊದಲ ಸಾಲಿನಲ್ಲೇ ಎರಡೂ ಕಡೆಯವರಿಗೆ ಅದನ್ನು ತಿಳಿಸಬೇಕು. ಸದ್ದಿಲ್ಲದೆ ಪದ ಬದಲಿಸಿದರೆ ಪಟ್ಟಿ ಇದ್ದೂ ಇಲ್ಲದಂತೆ.

ಪದಪಟ್ಟಿಯಿಂದ ಆಗದ ಕೆಲಸವೂ ಇದೆ. ಅದು ಪದಗಳನ್ನು ಒಂದೇ ಸಮ ಇಡುತ್ತದೆ, ಸರಿಯಾಗಿ ಇಡುತ್ತದೆ ಎಂಬ ಖಾತರಿಯಿಲ್ಲ. ತಪ್ಪು ಅರ್ಥ ಪಟ್ಟಿಗೆ ಸೇರಿಬಿಟ್ಟರೆ ಆ ತಪ್ಪು ಪ್ರತಿ ಪತ್ರದಲ್ಲೂ ತಪ್ಪದೆ ಬರುತ್ತದೆ, ಎಲ್ಲೂ ಏರುಪೇರು ಇಲ್ಲದ್ದರಿಂದ ಯಾರಿಗೂ ಅನುಮಾನವೂ ಬರುವುದಿಲ್ಲ. ಇದನ್ನು ಹಿಡಿಯುವ ದಾರಿ ಪತ್ರದ ಉತ್ತರದಲ್ಲಿದೆ. ನಾವು ಕೇಳಿದ್ದಕ್ಕೆ ಖರೀದಿದಾರ ಬೇರೇನನ್ನೋ ಹೇಳಿದರೆ, ಅಥವಾ ಮಂಡಳಿಯವರ ಉತ್ತರ ಪ್ರಶ್ನೆಗೆ ಹೊಂದದಿದ್ದರೆ, ಮೊದಲು ಅನುಮಾನಿಸಬೇಕಾದದ್ದು ಪಟ್ಟಿಯ ಸಾಲನ್ನು. ಚೆರ್ರಿಯ ವಿಷಯದಲ್ಲಿ ಆದದ್ದು ಹಾಗೆಯೇ. ಎರಡನೇ ದಾರಿ, ಪದದ ಜೊತೆ ಯಾವಾಗಲೂ ಅಳತೆಯನ್ನೂ ಬರೆಯುವುದು. ‘320 ರಫ್ತು ಮೂಟೆ, ಒಟ್ಟು 19,200 ಕಿಲೋ ಶುದ್ಧ ಬೀಜ’ ಎಂದು ಬರೆದರೆ ಪದ ಕೈಕೊಟ್ಟರೂ ಸಂಖ್ಯೆ ಕಾಪಾಡುತ್ತದೆ. ಇದೊಂದು ಅಭ್ಯಾಸ ಮೊದಲ ಪತ್ರದಲ್ಲೇ ಇದ್ದಿದ್ದರೆ ಮಂಡಳಿಯವರು ಗೋಡೌನಿನ 350 ಮೂಟೆ ನೋಡಿ ತಲೆಯಾಡಿಸುತ್ತಿರಲಿಲ್ಲ.

ಕರಾರಿನ ಜಾಗದಲ್ಲಿ ಪಟ್ಟಿ ನಿಲ್ಲುವುದಿಲ್ಲ ಎಂಬುದೂ ನೆನಪಿರಲಿ. ತಕರಾರು ಬಂದಾಗ ಲೆಕ್ಕಕ್ಕೆ ಬರುವುದು ಸಹಿ ಮಾಡಿದ ಕಾಗದ. ಅದಕ್ಕೇ ಪಟ್ಟಿಯ ತೀರಾ ಮುಖ್ಯವಾದ ಎಂಟು ಹತ್ತು ಸಾಲುಗಳನ್ನು ಇಂಗ್ಲಿಷಿನಲ್ಲಿ ಬರೆದು, ಕರಾರಿಗೆ ಸಹಿ ಹಾಕುವ ಮೊದಲೇ ಖರೀದಿದಾರನಿಗೆ ಕಳಿಸಿ ‘ನಾವು ಈ ಪದಗಳನ್ನು ಈ ಅರ್ಥದಲ್ಲಿ ಬಳಸುತ್ತೇವೆ, ಒಪ್ಪಿಗೆಯೇ ತಿಳಿಸಿ’ ಎಂದು ಕೇಳಿಬಿಡುವುದು ಒಳ್ಳೆಯದು. ಅನುಭವಿ ಖರೀದಿದಾರರು ಇದಕ್ಕೆ ಬೇಸರಪಡುವುದಿಲ್ಲ. ಗೊಂದಲದಿಂದ ಅವರಿಗೂ ನಷ್ಟವೇ. ಬಂದ ಉತ್ತರವನ್ನು ಕರಾರಿನ ಜೊತೆಯಲ್ಲೇ ಇಡಿ.

ಕಾಫಿ ನಾಡಿನ ಸಂಘಗಳಿಗೆ ನನ್ನದೊಂದು ಕೋರಿಕೆ. ನಿಮ್ಮ ದರ, ನಿಮ್ಮ ಖರೀದಿದಾರರ ಹೆಸರು ನಿಮ್ಮಲ್ಲೇ ಇರಲಿ. ಪದಪಟ್ಟಿಯಲ್ಲಿ ಅವೆರಡೂ ಇರುವುದಿಲ್ಲ, ಅದರಲ್ಲಿ ಬಚ್ಚಿಡುವಂಥದ್ದು ಏನೂ ಇಲ್ಲ. ಚಿಕ್ಕಮಗಳೂರಿನ ಸಂಘ ಒಪ್ಪಿಸಿಕೊಂಡ ಮೂವತ್ತು ಸಾಲು ಸಕಲೇಶಪುರದ ಸಂಘಕ್ಕೂ ಮಡಿಕೇರಿಯ ಸಂಘಕ್ಕೂ ಬಹುಪಾಲು ಹಾಗೆಯೇ ಒದಗುತ್ತದೆ. ನಿಮ್ಮ ಹತ್ತಿರ ಒಂದು ಪಟ್ಟಿ ಇದ್ದರೆ, ಈ ಸಲದ ಕೊಯ್ಲು ಶುರುವಾಗುವ ಮೊದಲು ಪಕ್ಕದ ಊರಿನ ಸಂಘಕ್ಕೆ ಒಂದು ಪ್ರತಿ ಕೊಡಿ.